14399.6 ಸೆಕೆಂಡಿಗೆ ಎಷ್ಟು ಗಂಟೆ?

ಮ್ಯಾರಥಾನಿನ ಫಲಿತಾಂಶ ಪಟ್ಟಿ ಸಿದ್ಧಪಡಿಸುವ ಕೆಲಸ ಆ ದಿನ ನನ್ನ ಪಾಲಿಗೆ ಬಂದಿತ್ತು. ಓಟಗಾರರ ಬಿಬ್‌ಗೆ ಅಂಟಿಸಿದ್ದ ಚಿಪ್‌ಗಳನ್ನು ಓದಿದ ಯಂತ್ರ ಒಂದು ಕಡತ ಕೊಟ್ಟಿತು. ಅದರಲ್ಲಿ ಇದ್ದದ್ದು ಎರಡೇ ಕಾಲಂ: ಬಿಬ್ ಸಂಖ್ಯೆ ಮತ್ತು ಓಡಲು ಹಿಡಿದ ಸೆಕೆಂಡುಗಳು. 10987.32, 10987.91, 14399.6 ಎಂದು ಉದ್ದಕ್ಕೂ ಅಂಕಿಗಳು. ಆದರೆ ತಾನು ಓಡಿದ್ದು ಹತ್ತು ಸಾವಿರ ಚಿಲ್ಲರೆ ಸೆಕೆಂಡು ಎಂದರೆ ಯಾವ ಓಟಗಾರನಿಗೂ ಏನೂ ಹೊಳೆಯುವುದಿಲ್ಲ. ಅವನಿಗೆ ಬೇಕಾದದ್ದು ಗಂಟೆ, ನಿಮಿಷ, ಸೆಕೆಂಡು.

ನನ್ನ ಜೊತೆಗಿದ್ದ ಸ್ವಯಂಸೇವಕ ಹುಡುಗ ಚುರುಕಿನವನು. ಗಂಟೆಗೆ 3600 ಸೆಕೆಂಡು ತಾನೇ ಎಂದು ಮೊದಲ ಅಂಕಿಯನ್ನು ಭಾಗಿಸಿ ನೋಡಿದ. 10987.32 ಅನ್ನು 3600ರಿಂದ ಭಾಗಿಸಿದಾಗ 3.05 ಬಂತು. “ಸರ್, ಮೂರು ಗಂಟೆ ಐದು ನಿಮಿಷ” ಎಂದ. ಈ ಲೆಕ್ಕದಲ್ಲಿ ನನಗೆ ಅತಿ ಹೆಚ್ಚು ಭಯ ಹುಟ್ಟಿಸುವುದು ಇಂಥ ಉತ್ತರವೇ. 3.75 ಎಂದು ಬಂದಿದ್ದರೆ ಎಪ್ಪತ್ತೈದು ನಿಮಿಷ ಎಲ್ಲಿಂದ ಬಂತು ಎಂದು ಯಾರಾದರೂ ಕೇಳುತ್ತಿದ್ದರು. 3.05 ಹಾಗಲ್ಲ, ಅದು ಸರಿಯಾದ ಸಮಯದಂತೆಯೇ ಕಾಣುತ್ತದೆ. ದಶಾಂಶ ಬಿಂದುವಿನ ನಂತರದ ಭಾಗ ಗಂಟೆಯ ನೂರನೇ ಪಾಲು, ನಿಮಿಷವಲ್ಲ. 0.05 ಗಂಟೆ ಎಂದರೆ ಮೂರು ನಿಮಿಷ ಮಾತ್ರ.

ಕಾಗದದ ಮೇಲೆ ಅವನಿಗೆ ತೋರಿಸಿದೆ. ಚಿಲ್ಲರೆಯನ್ನು ಸದ್ಯಕ್ಕೆ ಬದಿಗಿಟ್ಟು 10987 ಅನ್ನು 3600ರಿಂದ ಭಾಗಿಸಿದರೆ ಭಾಗಲಬ್ಧ 3, ಅದು ಗಂಟೆ. ಶೇಷ 187. ಆ ಶೇಷವನ್ನು 60ರಿಂದ ಭಾಗಿಸಿದರೆ ಭಾಗಲಬ್ಧ 3, ಅದು ನಿಮಿಷ. ಕೊನೆಗೆ ಉಳಿದ 7 ಸೆಕೆಂಡು. ಅಂದರೆ 3:03:07. ನಡುವೆ ದಶಾಂಶ ಎಲ್ಲಿಯೂ ಬರಬಾರದು, ಪ್ರತಿ ಹಂತದಲ್ಲೂ ಶೇಷವೇ ಮುಂದಕ್ಕೆ ಹೋಗಬೇಕು. ಹುಡುಗ ಮುಂದಿನ ಸಾಲುಗಳನ್ನು ತಾನೇ ಬಿಡಿಸಿದ, ತಪ್ಪಲಿಲ್ಲ.

ಸಾಲುಗಳು ನೂರಾರು ಇದ್ದವು, ಹಾಗಾಗಿ ಸ್ಪ್ರೆಡ್‌ಶೀಟ್‌ಗೆ ಹೋದೆವು. ಅಲ್ಲಿ ಒಂದು ದಿನಕ್ಕೆ 1 ಎಂಬ ಬೆಲೆ. ದಿನಕ್ಕೆ 86400 ಸೆಕೆಂಡು ಇರುವುದರಿಂದ ಸೆಕೆಂಡನ್ನು ಅಷ್ಟರಿಂದ ಭಾಗಿಸಿ, ಕೋಶಕ್ಕೆ ಸಮಯದ ಸ್ವರೂಪ ಕೊಟ್ಟರೆ ಗಂಟೆ ನಿಮಿಷಗಳನ್ನು ಬಿಡಿಸುವ ಕೆಲಸವನ್ನು ಅದೇ ಮಾಡುತ್ತದೆ. ಆದರೆ ಆ ಚಿಲ್ಲರೆಯನ್ನು ಏನು ಮಾಡಬೇಕೆಂಬುದನ್ನು ಭಾಗಿಸುವ ಮೊದಲೇ ನಿರ್ಧರಿಸಬೇಕು. ರಸ್ತೆ ಓಟಕ್ಕೆ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆಯ ನಿಯಮ ಸ್ಪಷ್ಟವಾಗಿದೆ: ಸೆಕೆಂಡಿನ ಮೇಲೆ ಎಷ್ಟೇ ಚಿಲ್ಲರೆ ಉಳಿದರೂ ಮುಂದಿನ ಪೂರ್ಣ ಸೆಕೆಂಡಿಗೆ ಏರಿಸಬೇಕು. 2:09:44.32 ಎಂಬುದು 2:09:45 ಆಗುತ್ತದೆ. ಶಾಲೆಯಲ್ಲಿ ಕಲಿತಂತೆ ಅರ್ಧಕ್ಕಿಂತ ಕಡಿಮೆಯಿದ್ದರೆ ಇಳಿಸುವ ಮಾತು ಇಲ್ಲಿಲ್ಲ. ಹಾಗಾಗಿ ನಾವು ಬರೆದ ಸೂತ್ರ ಇದು:

```
=ROUNDUP(B2,0)/86400
```

ಏರಿಸುವುದು ಮೊದಲು, ಭಾಗಿಸುವುದು ಆಮೇಲೆ. ಈ ಕ್ರಮದ ಬಗ್ಗೆ ನಾನು ಹಟ ಹಿಡಿಯುತ್ತೇನೆ. ಗಂಟೆ, ನಿಮಿಷಗಳನ್ನು ಮೊದಲು ಬಿಡಿಸಿಕೊಂಡು ಕೊನೆಯ ಸೆಕೆಂಡನ್ನು ಮಾತ್ರ ಏರಿಸಿದರೆ 14399.6 ಎಂಬುದು 3:59:60 ಆಗಿ ಅಚ್ಚಾಗುತ್ತದೆ. ಅಂಥ ಸಮಯ ಯಾವ ಗಡಿಯಾರದಲ್ಲಿಯೂ ಇಲ್ಲ. ಮೊತ್ತವನ್ನೇ ಮೊದಲು 14400ಕ್ಕೆ ಏರಿಸಿದರೆ ಅದು ತಾನಾಗಿ 4:00:00 ಎಂದು ಬಿಡಿಸಿಕೊಳ್ಳುತ್ತದೆ. ಸಿದ್ಧವಾದ ಪಟ್ಟಿಯಲ್ಲಿ ನಿಮಿಷ ಅಥವಾ ಸೆಕೆಂಡಿನ ಜಾಗದಲ್ಲಿ 60 ಕಂಡರೆ, ಯಾರೋ ಬಿಡಿಸಿದ ಮೇಲೆ ಏರಿಸಿದ್ದಾರೆ ಎಂದು ತಿಳಿಯಬಹುದು.

ಮುಂದಿನ ತೊಡಕು ತಂಡಗಳ ಪಟ್ಟಿಯಲ್ಲಿ ಎದುರಾಯಿತು. ಆರು ಜನರ ಸಮಯ ಕೂಡಿಸಿ ತಂಡದ ಸಮಯ ಹೇಳಬೇಕಿತ್ತು. ಒಂದು ತಂಡದ ಮೊತ್ತ 93784 ಸೆಕೆಂಡು. ಪರದೆಯ ಮೇಲೆ ಕಂಡದ್ದು 2:03:04. ಆರು ಜನ ಸೇರಿ ಎರಡು ಗಂಟೆಯಲ್ಲಿ ಆರು ಮ್ಯಾರಥಾನ್ ಮುಗಿಸಿದಂತಾಯಿತು! ಕೋಶದೊಳಗಿನ ಬೆಲೆ ಸರಿಯಾಗಿಯೇ ಇತ್ತು, ತೋರಿಸುವ ಸ್ವರೂಪ ಮಾತ್ರ ತಪ್ಪಿತ್ತು. `h:mm:ss` ಎಂಬುದು ಗೋಡೆ ಗಡಿಯಾರದ ಹಾಗೆ, 24 ಗಂಟೆ ಮುಗಿದೊಡನೆ ಮತ್ತೆ ಸೊನ್ನೆಯಿಂದ ಶುರು. ಕಳೆದ ಒಟ್ಟು ಗಂಟೆಗಳನ್ನು ತೋರಿಸಲು ಗಂಟೆಗೆ ಚೌಕ ಆವರಣ ಹಾಕಬೇಕು:

```
[h]:mm:ss
```

ಹಾಕಿದ ಕೂಡಲೇ 26:03:04 ಎಂದು ಕಾಣಿಸಿತು. ಒಬ್ಬೊಬ್ಬರ ಸಮಯಕ್ಕೂ ಇದೇ ಸ್ವರೂಪವನ್ನು ಹಾಕಿಬಿಡುವುದು ಒಳ್ಳೆಯದು. 24 ಗಂಟೆಯೊಳಗಿನ ಸಮಯಕ್ಕೆ ಅದರಿಂದ ಯಾವ ಬಾಧಕವೂ ಇಲ್ಲ.

ಈ ಮೊತ್ತದ ಬಗ್ಗೆ ಹಿರಿಯ ಸಮಯಪಾಲಕರೊಬ್ಬರು ಒಂದು ಪ್ರಶ್ನೆ ಎತ್ತಿದರು: “ಏರಿಸಿದ ಮೇಲೆ ಕೂಡಿಸಿದಿರೋ, ಕೂಡಿಸಿ ಏರಿಸಿದಿರೋ?” ಒಳ್ಳೆಯ ಪ್ರಶ್ನೆ. ಅದೇ ಆರು ಜನರ ಮೂಲ ಸೆಕೆಂಡುಗಳನ್ನು ಕೂಡಿಸಿದರೆ 93780.6, ಅದನ್ನು ಏರಿಸಿದರೆ 26:03:01. ಏರಿಸಿ ಕೂಡಿಸಿದ್ದಕ್ಕಿಂತ ಮೂರು ಸೆಕೆಂಡು ಕಡಿಮೆ. ಎರಡಕ್ಕೂ ತರ್ಕವಿದೆ. ನಾನು ಏರಿಸಿ ಕೂಡಿಸುವುದನ್ನೇ ಆರಿಸಿದೆ, ಏಕೆಂದರೆ ತಂಡದವರು ಅಚ್ಚಾದ ಆರು ಸಮಯಗಳನ್ನು ಕೈಯಲ್ಲಿ ಕೂಡಿಸಿ ನೋಡಿದಾಗ ಅಚ್ಚಾದ ಮೊತ್ತವೇ ಬರಬೇಕು. ಅವರು ಒಪ್ಪಿದರು. ಎಲ್ಲ ತಂಡಗಳಿಗೂ ಅದೇ ರೀತಿ ಇರಲಿ ಎಂದಷ್ಟೇ ಹೇಳಿದರು.

ಆಮೇಲೆ ಅವರೇ ಅಲ್ಲೊಂದು ಇಲ್ಲೊಂದು ಸಾಲು ಆರಿಸಿ ಹಿಂದಕ್ಕೆ ಲೆಕ್ಕ ಹಾಕಿದರು. ಗಂಟೆಯನ್ನು 3600ರಿಂದ, ನಿಮಿಷವನ್ನು 60ರಿಂದ ಗುಣಿಸಿ, ಸೆಕೆಂಡು ಸೇರಿಸಿದರೆ ಮೂಲ ಅಂಕಿಗಿಂತ ಒಂದು ಸೆಕೆಂಡಿನೊಳಗಷ್ಟೇ ಹೆಚ್ಚಿರಬೇಕು. ನಾನು ಇಡೀ ಸಮಯದ ಕಾಲಂಗೆ `SUM` ಹಾಕಿ ನೋಡಿದೆ. ಮೊತ್ತ ಸೊನ್ನೆ ಬಂದರೆ, ಅಲ್ಲಿರುವುದು ಸಮಯವಲ್ಲ, ಸಮಯದಂತೆ ಕಾಣುವ ಅಕ್ಷರಗಳು. `TEXT` ಸೂತ್ರದಿಂದ ಪರಿವರ್ತಿಸಿದಾಗ ಹಾಗಾಗುತ್ತದೆ. ಅಕ್ಷರಗಳನ್ನು ಕ್ರಮಕ್ಕೆ ಜೋಡಿಸಿದರೆ 10:15:00 ಎಂಬುದು 9:40:00ಕ್ಕಿಂತ ಮೊದಲು ಬಂದು ಕೂರುತ್ತದೆ. ನಮ್ಮದರಲ್ಲಿ ಮೊತ್ತ ಸರಿಯಾಗಿ ಬಂತು.

ಸ್ಥಾನಗಳನ್ನು ಮಾತ್ರ ಮೂಲ ಸೆಕೆಂಡುಗಳ ಕಾಲಂನಿಂದಲೇ ನಿರ್ಧರಿಸಿದೆವು. 10987.32 ಮತ್ತು 10987.91 ಎರಡೂ ಪಟ್ಟಿಯಲ್ಲಿ 3:03:08 ಎಂದೇ ಅಚ್ಚಾಗುತ್ತವೆ, ಆದರೆ ಗೆರೆಯನ್ನು ಮೊದಲು ದಾಟಿದವನು ಯಾರು ಎಂಬುದು ಮೂಲದಲ್ಲಿ ಮಾತ್ರ ಉಳಿದಿರುತ್ತದೆ. ಆ ಕಾಲಂ ಅನ್ನು ಅಳಿಸುವುದಿರಲಿ, ಅದರ ಮೇಲೆ ಏನನ್ನೂ ಬರೆಯಬಾರದು.

ಪಟ್ಟಿ ಅಂಟಿಸಿದ ಮೇಲೆ 14399.6ರ ಓಟಗಾರ ನಮ್ಮ ಮೇಜಿಗೆ ಬಂದರು. ನಾಲ್ಕು ಗಂಟೆಯೊಳಗೆ ಮುಗಿಸಬೇಕೆಂದು ವರ್ಷವಿಡೀ ಓಡಿದವರು. ಅವರ ಕೈಗಡಿಯಾರದಲ್ಲಿ 3:59:59 ಎಂದಿತ್ತು, ನಮ್ಮ ಪಟ್ಟಿಯಲ್ಲಿ 4:00:00. ನಾನು ಕಡತ ತೆರೆದು ಮೂಲ ಅಂಕಿಯನ್ನು ತೋರಿಸಿದೆ. ಗಡಿಯಾರ ಚಿಲ್ಲರೆಯನ್ನು ಕತ್ತರಿಸಿ ತೋರಿಸಿರಬಹುದು, ನಾವು ನಿಯಮದಂತೆ ಏರಿಸಿದ್ದೇವೆ ಎಂದು ವಿವರಿಸಿದೆ. “ಅಂದರೆ ನಾನು ನಾಲ್ಕು ಗಂಟೆಯೊಳಗೇ ಬಂದಿದ್ದೇನೆ ಅಲ್ಲವೇ?” ಎಂದು ಕೇಳಿದರು. ಹೌದು, 0.4 ಸೆಕೆಂಡು ಮೊದಲೇ ಬಂದಿದ್ದೀರಿ, ಆದರೆ ನಿಮ್ಮ ಅಧಿಕೃತ ಸಮಯ ನಾಲ್ಕು ಗಂಟೆ ಎಂದೆ. ಹಾಗೆ ಹೇಳುವಾಗ ನನಗೂ ನೋವಾಯಿತು. ಒಂದು ಸಾಲಿಗಾಗಿ ನಿಯಮ ಸಡಿಲಿಸಿದರೆ ಉಳಿದ ಅಷ್ಟೂ ಸಾಲುಗಳಿಗೆ ಅನ್ಯಾಯವಾಗುತ್ತಿತ್ತು, ಹಾಗಾಗಿ ತಿದ್ದಲಿಲ್ಲ. ಅವರು ಮೂಲ ಅಂಕಿಯ ಸಾಲನ್ನು ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಂಡು, ಮುಂದಿನ ಓಟದ ನೋಂದಣಿ ಯಾವಾಗ ಎಂದು ವಿಚಾರಿಸಿದರು.