ಆನೆ ವೇಷ ಯಾರದ್ದು? ಚಿತ್ರಶೀರ್ಷಿಕೆ ಬರೆಯುವವರ ಕೆಲಸದ ಅನುಭವ

ಕಲಬುರಗಿಯ ಒಂದು ದಿನಪತ್ರಿಕೆಯಲ್ಲಿ ಚಿತ್ರಗಳಿಗೆ ಶೀರ್ಷಿಕೆ ಬರೆಯುವುದು ಮತ್ತು ಅಚ್ಚಾದ ಮೇಲೆ ಅವುಗಳನ್ನು ವಿಂಗಡಿಸಿ ಸಂಗ್ರಹಕ್ಕೆ ಸೇರಿಸುವುದು ನನ್ನ ಕೆಲಸ. ಬೀದರ್, ಯಾದಗಿರಿಗಳಿಂದಲೂ ಚಿತ್ರಗಳು ಬರುತ್ತವೆ. ಮಂತ್ರಿಗಳು, ಮಠಾಧೀಶರು, ಆಟಗಾರರು ಯಾರೆಂದು ಕೇಳಿ ತಿಳಿದುಕೊಳ್ಳಬಹುದು. ಆದರೆ ಅದೇ ಚಿತ್ರದ ಅಂಚಿನಲ್ಲಿ ದೊಡ್ಡ ತಲೆಯ ಆನೆಯೋ ಕರಡಿಯೋ ಕೈ ಬೀಸುತ್ತ ನಿಂತಿದ್ದರೆ, ಅದು ಯಾರ ಪರವಾಗಿ ನಿಂತಿದೆ ಎಂಬುದನ್ನು ಚಿತ್ರ ಕಳಿಸಿದವರು ಸಾಮಾನ್ಯವಾಗಿ ಬರೆದಿರುವುದಿಲ್ಲ. ಇಂತಹ ಮ್ಯಾಸ್ಕಾಟ್ ವೇಷವನ್ನು ಗುರುತಿಸುವಾಗ ಹೊಸದಾಗಿ ಕೆಲಸಕ್ಕೆ ಸೇರಿದವರು ಮೊದಲು ನೋಡುವುದು ಪ್ರಾಣಿಯನ್ನು. ನನ್ನ ಅನುಭವದಲ್ಲಿ ಅತ್ಯಂತ ಕಡಿಮೆ ಹೇಳುವುದು ಪ್ರಾಣಿಯೇ.

ಇದಕ್ಕೆ ಆನೆಯೇ ಒಳ್ಳೆಯ ಉದಾಹರಣೆ. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದ ಅಪ್ಪು ಆನೆ; ಭಾರತೀಯ ರೈಲ್ವೆಯ ಭೋಲು ಆನೆ; ಭಾರತ, ಶ್ರೀಲಂಕಾ, ಬಾಂಗ್ಲಾದೇಶಗಳಲ್ಲಿ ನಡೆದ 2011ರ ಕ್ರಿಕೆಟ್ ವಿಶ್ವಕಪ್‌ನ ಸ್ಟಂಪಿಯೂ ಆನೆ. ಆನೆ ನಮ್ಮ ರಾಜ್ಯಪ್ರಾಣಿಯೂ ಆಗಿರುವುದರಿಂದ ಕರ್ನಾಟಕದ ಯಾವ ಸಮಾರಂಭದಲ್ಲಿ ಬೇಕಾದರೂ ಆನೆಯ ವೇಷ ಕಾಣಿಸಿಕೊಳ್ಳಬಹುದು. ಆದ್ದರಿಂದ ನಾನು ಮೊದಲು ಕಾರ್ಯಕ್ರಮ ಯಾವುದೆಂದು ನೋಡುತ್ತೇನೆ, ಆಮೇಲೆ ಲೋಗೊವನ್ನು, ಕೊನೆಗೆ ಬಣ್ಣವನ್ನು. ಬಣ್ಣ ಕಣ್ಣಿಗೆ ಮೊದಲು ಬೀಳುತ್ತದೆ ಎಂಬುದೇ ಅದನ್ನು ಕೊನೆಗೆ ಇಟ್ಟುಕೊಳ್ಳಲು ಕಾರಣ.

ನಮ್ಮ ಹಳೆಯ ಸಂಗ್ರಹದಲ್ಲಿ ಹಿಂಬದಿಗೆ ‘ಮಕ್ಕಳ ಕಾರ್ಯಕ್ರಮ’ ಎಂದಷ್ಟೇ ಬರೆದಿದ್ದ ಒಂದು ಚಿತ್ರವಿತ್ತು. ಶಾಲಾ ಮಕ್ಕಳ ಸಾಲಿನ ಮುಂದೆ ಆನೆಯ ವೇಷ; ಅದಕ್ಕೆ ನೀಲಿ ಕೋಟು, ಎತ್ತಿದ ಕೈಯಲ್ಲಿ ಹಸಿರು ಬೆಳಕಿನ ದೀಪ. ನೀಲಿಯನ್ನು ನೋಡಿ ಸಹೋದ್ಯೋಗಿಯೊಬ್ಬರು ಇದು ವಿಶ್ವಕಪ್‌ನ ಸ್ಟಂಪಿ ಇರಬಹುದೆಂದರು. ಸ್ಟಂಪಿಯೂ ನೀಲಿ ಆನೆ ಎಂಬುದು ನಿಜ, ಆದರೆ ಅದರ ಮೈಯೇ ನೀಲಿ. ಈ ಚಿತ್ರದಲ್ಲಿ ಮೈ ಬೂದು, ಕೋಟು ಮಾತ್ರ ನೀಲಿ. ಅಂದರೆ ನೀಲಿ ಇಲ್ಲಿ ಪ್ರಾಣಿಯ ಬಣ್ಣವಲ್ಲ, ಸಮವಸ್ತ್ರದ ಬಣ್ಣ. ಮೈಯ ಬಣ್ಣವನ್ನೂ ಉಡುಪಿನ ಬಣ್ಣವನ್ನೂ ಹೀಗೆ ಬೇರೆಬೇರೆಯಾಗಿ ಬರೆದುಕೊಂಡರೆ ಅರ್ಧ ಗೊಂದಲ ಅಲ್ಲಿಯೇ ಬಗೆಹರಿಯುತ್ತದೆ. ಇನ್ನು ಕೈಯಲ್ಲಿದ್ದ ದೀಪ. ಕ್ರಿಕೆಟ್ಟಿನ ಆನೆಗೆ ಹಸಿರು ದೀಪದಿಂದ ಆಗಬೇಕಾದದ್ದೇನೂ ಇಲ್ಲ. ಗಾಡಿ ಹೊರಡಲು ಹಸಿರು ದೀಪ ತೋರಿಸುವವರು ರೈಲಿನ ಗಾರ್ಡ್. ಭೋಲು ಎಂದರೆ ಅದೇ ಗಾರ್ಡ್ ಆನೆ. ಭಾರತೀಯ ರೈಲ್ವೆಯ 150ನೇ ವರ್ಷಾಚರಣೆಗಾಗಿ 2002ರ ಏಪ್ರಿಲ್ 16ರಂದು ಬೆಂಗಳೂರಿನಲ್ಲಿ ಅದನ್ನು ಬಿಡುಗಡೆ ಮಾಡಲಾಯಿತು, ಮರುವರ್ಷ ರೈಲ್ವೆಯ ಕಾಯಂ ಗುರುತಾಗಿ ಉಳಿಸಿಕೊಳ್ಳಲಾಯಿತು.

ಇಷ್ಟಾದರೂ ನಾನು ಶೀರ್ಷಿಕೆ ಬರೆಯಲಿಲ್ಲ, ಏಕೆಂದರೆ ಯಾವ ಶಾಲೆಯ ಮಗುವಾದರೂ ಇಂತಹ ವೇಷವನ್ನು ವಾರ್ಷಿಕೋತ್ಸವಕ್ಕೆ ಹಾಕಿರಬಹುದು. ಚಿತ್ರವನ್ನು ದೊಡ್ಡದು ಮಾಡಿ ನೋಡಿದಾಗ ಕೋಟಿನ ಎದೆಯ ಮೇಲೆ ದುಂಡನೆಯ ಲಾಂಛನ, ಅದರ ನಡುವೆ ಎಂಜಿನ್ನಿನ ಮುಖ ಮಸುಕಾಗಿ ಕಂಡಿತು. ಮಕ್ಕಳ ತಲೆಗಳ ಮೇಲೆ ಹಳದಿ ಫಲಕದ ಒಂದು ಮೂಲೆ, ಅದರಲ್ಲಿ ನಿಲ್ದಾಣದ ಹಳೆಯ ಹೆಸರಾದ ಗುಲಬರ್ಗಾದ ಕೊನೆಯ ಅಕ್ಷರಗಳು. ಈಗ ಲೋಗೊ, ಸ್ಥಳ, ಕೈಯಲ್ಲಿದ್ದ ವಸ್ತು ಮೂರೂ ಒಂದೇ ಮಾತು ಹೇಳಿದವು. ಊರಿನ ಹೆಸರು ಅಧಿಕೃತವಾಗಿ ಕಲಬುರಗಿ ಎಂದು ಬದಲಾದದ್ದು 2014ರ ನವೆಂಬರ್ 1ರಂದು. ಹಾಗಾಗಿ ಚಿತ್ರ 2002ರ ನಂತರದ್ದು, ನಿಲ್ದಾಣದ ಫಲಕ ಬದಲಾಗುವುದಕ್ಕೆ ಮುಂಚಿನದು ಎಂಬಷ್ಟನ್ನು ಧೈರ್ಯವಾಗಿ ಬರೆಯಬಹುದಿತ್ತು. ಇಸವಿಯನ್ನು ಮಾತ್ರ ಖಾಲಿ ಬಿಟ್ಟೆ.

ಕಾರ್ಯಕ್ರಮ ಯಾವುದೆಂದು ತಿಳಿದ ಕೂಡಲೇ ವೇಷವೂ ಅದರದೇ ಎಂದು ತೀರ್ಮಾನಿಸಬಾರದು. ಒಂದು ವೇದಿಕೆಯ ಸುತ್ತ ನಿಲ್ಲುವ ವೇಷಗಳಲ್ಲಿ ಕೆಲವು ಆ ಕಾರ್ಯಕ್ರಮದ ಸ್ವಂತ ಮ್ಯಾಸ್ಕಾಟ್ ಆಗಿರುತ್ತವೆ, ಕೆಲವು ಭಾಗವಹಿಸುವ ತಂಡದವು, ಕೆಲವು ಪ್ರಾಯೋಜಕರ ಅಥವಾ ಮಳಿಗೆ ಹಾಕಿದ ಸಂಸ್ಥೆಯವು, ಇನ್ನು ಕೆಲವು ಬಾಡಿಗೆಯವು. ಬೀದರ್ ಉತ್ಸವದ ಮಳಿಗೆಯೊಂದರ ಮುಂದೆ ಕುಣಿಯುವ ಹಸುವಿನ ವೇಷವನ್ನು ‘ಬೀದರ್ ಉತ್ಸವದ ಮ್ಯಾಸ್ಕಾಟ್’ ಎಂದು ಬರೆದರೆ, ಯಾರೋ ಮಾರುವ ಹಾಲಿನ ಪೊಟ್ಟಣಕ್ಕೆ ಇಡೀ ಉತ್ಸವದ ಹೆಸರು ಕೊಟ್ಟಂತಾಗುತ್ತದೆ. ನಾನು ಇದಕ್ಕೆ ಒಂದು ಸರಳ ಹೋಲಿಕೆ ಮಾಡುತ್ತೇನೆ: ವೇಷದ ಮೇಲಿನ ಲೋಗೊವನ್ನು ಮೊದಲು ವೇದಿಕೆಯ ಹಿಂದಿನ ದೊಡ್ಡ ಬ್ಯಾನರಿನ ಲೋಗೊದೊಂದಿಗೆ, ಆಮೇಲೆ ಅದೇ ಬ್ಯಾನರಿನ ಕೆಳಗಿನ ಸಾಲಿನ ಸಣ್ಣ ಲೋಗೊಗಳೊಂದಿಗೆ ಇಟ್ಟು ನೋಡುತ್ತೇನೆ. ದೊಡ್ಡದಕ್ಕೆ ಹೊಂದಿದರೆ ಅದು ಬಹುತೇಕ ಕಾರ್ಯಕ್ರಮದ್ದೇ. ಕೆಳಗಿನ ಸಾಲಿಗೆ ಹೊಂದಿದರೆ ಪ್ರಾಯೋಜಕರದ್ದು. ಎರಡಕ್ಕೂ ಹೊಂದದಿದ್ದರೆ ಫೋನ್ ಮಾಡಿ ಕೇಳಲೇಬೇಕು.

ಲೋಗೊ ಇದ್ದರೆ ಸಾಲದು, ಅದು ವೇಷಕ್ಕೆ ಹೇಗೆ ಅಂಟಿಕೊಂಡಿದೆ ಎಂಬುದನ್ನೂ ನೋಡಬೇಕು. ನಮ್ಮ ಭಾಗದ ಚಿತ್ರಗಳಲ್ಲಿ ನನಗೆ ಅತಿ ಹೆಚ್ಚು ನೆರವಾಗಿರುವುದು ಇದೇ. ಒಂದು ಸಂಸ್ಥೆ ತನಗಾಗಿಯೇ ಹೊಲಿಸಿದ ವೇಷದಲ್ಲಿ ಲೋಗೊ ಬಟ್ಟೆಯೊಳಗೇ ಕಸೂತಿಯಾಗಿ ಅಥವಾ ಅಚ್ಚಾಗಿ ಇರುತ್ತದೆ, ಹೊಟ್ಟೆಯ ಉಬ್ಬಿನೊಂದಿಗೆ ಬಾಗುತ್ತದೆ, ವೇಷದ ಉಳಿದ ಬಣ್ಣಗಳೂ ಅದೇ ಲೋಗೊದಿಂದ ಬಂದಿರುತ್ತವೆ. ಬಾಡಿಗೆಯ ವೇಷದಲ್ಲಿ ಲೋಗೊ ಕಾಗದದ ಮೇಲೋ ಫ್ಲೆಕ್ಸ್ ತುಂಡಿನ ಮೇಲೋ ಇರುತ್ತದೆ. ಹೊಟ್ಟೆ ಉಬ್ಬಿದ್ದರೂ ಅದು ಚಪ್ಪಟೆಯಾಗಿ ನಿಂತು ಅಂಚುಗಳು ಮೇಲೆದ್ದಿರುತ್ತವೆ, ಮೂಲೆಗಳಲ್ಲಿ ಪಿನ್ನು ಹೊಳೆಯುತ್ತದೆ. ಹುಟ್ಟುಹಬ್ಬಕ್ಕೆ, ಬಟ್ಟೆ ಅಂಗಡಿಯ ಉದ್ಘಾಟನೆಗೆ, ಜಾಗೃತಿ ಜಾಥಾಕ್ಕೆ ಒಂದೇ ಕರಡಿ ಎದೆಯ ಪಟ್ಟಿಯನ್ನಷ್ಟೇ ಬದಲಿಸಿಕೊಂಡು ಹೋಗುತ್ತದೆ. ಅಂತಹ ಕರಡಿ ಯಾವುದನ್ನೂ ಪ್ರತಿನಿಧಿಸುವುದಿಲ್ಲ. ಮಾತಾಡುವುದು ಪಟ್ಟಿ ಮಾತ್ರ.

ಯಾದಗಿರಿ ಜಿಲ್ಲೆಯಿಂದ ಬಂದ ಒಂದು ಆರೋಗ್ಯ ಜಾಥಾದ ಚಿತ್ರದಲ್ಲಿ ಇಂತಹುದೇ ಕರಡಿಯಿತ್ತು. ಎದೆಯ ಮೇಲೆ ಮಡಿಸಿದ ರಿಬ್ಬನ್ನಿನ ಗುರುತು. ಅದು ಕೆಂಪಾದರೆ ಎಚ್‌ಐವಿ–ಏಡ್ಸ್ ಜಾಗೃತಿ, ಗುಲಾಬಿಯಾದರೆ ಸ್ತನ ಕ್ಯಾನ್ಸರ್ ಜಾಗೃತಿ. ಆಕಾರ ಒಂದೇ ಆಗಿರುವುದರಿಂದ ಬಣ್ಣದ ಮೇಲೆಯೇ ಎಲ್ಲವೂ ನಿಂತಿತ್ತು, ಆದರೆ ಚಿತ್ರ ತೆಗೆದದ್ದು ಕೆಂಪು–ಹಳದಿ ಪಟ್ಟೆಯ ಶಾಮಿಯಾನದ ಕೆಳಗೆ. ಮಧ್ಯಾಹ್ನದ ಬಿಸಿಲು ಆ ಬಟ್ಟೆಯ ಮೂಲಕ ಇಳಿದಾಗ ಕೆಳಗಿರುವ ಎಲ್ಲದರ ಮೇಲೂ ಅದರ ಬಣ್ಣ ಬೀಳುತ್ತದೆ. ಬಿಳಿ ತುಪ್ಪಳ ನಸುಗೆಂಪಾಗುತ್ತದೆ, ಗುಲಾಬಿ ಕೆಂಪಿನತ್ತ ಸರಿಯುತ್ತದೆ. ಇಂತಹ ಚಿತ್ರದಲ್ಲಿ ನಾನು ಮೊದಲು ಖಂಡಿತ ಬಿಳಿಯಿರಬೇಕಾದ ಒಂದು ವಸ್ತುವನ್ನು ಹುಡುಕುತ್ತೇನೆ. ಇಲ್ಲಿ ಮುಂದಿನ ಸಾಲಿನಲ್ಲಿ ಹಿರಿಯರೊಬ್ಬರ ಧೋತರವಿತ್ತು, ಅದು ಸ್ಪಷ್ಟವಾಗಿ ನಸುಗೆಂಪಾಗಿ ಕಾಣುತ್ತಿತ್ತು. ಧೋತರ ಬಿಳಿಯಾಗುವವರೆಗೆ ಚಿತ್ರದ ಬಣ್ಣವನ್ನು ತಿದ್ದಿದಾಗ ರಿಬ್ಬನ್ ಕೆಂಪನ್ನು ಬಿಟ್ಟು ಗುಲಾಬಿಗೆ ತಿರುಗಿತು. ಆದರೂ ಒಂದೇ ಶಾಮಿಯಾನದ ಕೆಳಗೆ ಕೆಂಪು ಪಟ್ಟೆಯ ನೆರಳೂ ಹಳದಿ ಪಟ್ಟೆಯ ನೆರಳೂ ಬೇರೆಬೇರೆ ಬೀಳುವುದರಿಂದ, ಧೋತರಕ್ಕೆ ಸರಿಹೋದ ತಿದ್ದುಪಡಿ ಕರಡಿಯ ಎದೆಗೂ ಸರಿಹೋಗುತ್ತದೆ ಎಂದು ಆಣೆ ಮಾಡಿ ಹೇಳಲಾಗದು. ನಿರ್ಧಾರಕ್ಕೆ ಕಾರ್ಯಕ್ರಮವೇ ಬೇಕು.

ಛಾಯಾಗ್ರಾಹಕರಿಗೆ ಫೋನ್ ಮಾಡಿ, ‘ಕರಡಿ ಎದಿ ಮ್ಯಾಲಿನ ರಿಬ್ಬನ್ ಹೊಲ್ದದ್ದೋ, ಹಚ್ಚಿದ್ದೋ ಅಣ್ಣಾ?’ ಎಂದು ಕೇಳಿದೆ. ‘ಪಿನ್ ಹಚ್ಚ್ಯಾರ್ರೀ. ಕರಡಿ ಬಾಡಿಗಿದು, ಡಾಕ್ಟರ್ ಮೇಡಂ ಬಂದ್ಮ್ಯಾಲ ಹಚ್ಚಿದ್ರು’ ಎಂದರು. ಕಾರ್ಯಕ್ರಮ ಯಾವಾಗ ನಡೆಯಿತೆಂದು ಕೇಳಿದಾಗ ಅಕ್ಟೋಬರ್ ಎಂದರು. ಸ್ತನ ಕ್ಯಾನ್ಸರ್ ಜಾಗೃತಿಯ ತಿಂಗಳು ಅಕ್ಟೋಬರ್. ವಿಶ್ವ ಏಡ್ಸ್ ದಿನ ಡಿಸೆಂಬರ್ 1. ಬ್ಯಾನರಿನ ಪೂರ್ಣ ಚಿತ್ರವನ್ನು ತರಿಸಿಕೊಂಡು ಅದರಲ್ಲಿದ್ದ ವಿಷಯವನ್ನು ಓದಿದ ಮೇಲೆ, ‘ಸ್ತನ ಕ್ಯಾನ್ಸರ್ ಜಾಗೃತಿ ಜಾಥಾದಲ್ಲಿ ಗುಲಾಬಿ ರಿಬ್ಬನ್ ಧರಿಸಿದ ಕರಡಿ ವೇಷಧಾರಿ’ ಎಂದು ಬರೆದೆ. ‘ಜಾಥಾದ ಮ್ಯಾಸ್ಕಾಟ್’ ಎಂದು ಬರೆಯಲಿಲ್ಲ. ಆರೋಗ್ಯದ ವಿಷಯದಲ್ಲಿ ಒಂದು ರೋಗದ ಜಾಗೃತಿಗೆ ಬಂದ ಹೆಣ್ಣುಮಕ್ಕಳ ಸಾಲಿನ ಕೆಳಗೆ ಇನ್ನೊಂದು ರೋಗದ ಹೆಸರು ಅಚ್ಚಾದರೆ ಆ ಹೆಣ್ಣುಮಕ್ಕಳು ತಮ್ಮ ಓಣಿಯಲ್ಲಿ ಉತ್ತರ ಕೊಡಬೇಕಾಗುತ್ತದೆ ಎಂಬುದು ನನಗೆ ಯಾವಾಗಲೂ ನೆನಪಿರುತ್ತದೆ.

ಬಣ್ಣವೇ ಸರಿಯಾದ ಉತ್ತರ ಕೊಡುವ ಸಂದರ್ಭಗಳೂ ಇವೆ, ಮುಖ್ಯವಾಗಿ ಒಂದೇ ಕೈ ರೂಪಿಸಿದ ಜೋಡಿ ವೇಷಗಳಲ್ಲಿ. ಟೋಕಿಯೊ 2020ರ ಜೋಡಿಯಲ್ಲಿ ನೀಲಿ ಚೌಕುಳಿಯ ಮಿರೈಟೋವಾ ಒಲಿಂಪಿಕ್ಸ್‌ನದು, ಗುಲಾಬಿ ಚೌಕುಳಿಯ ಸೊಮೈಟಿ ಪ್ಯಾರಾಲಿಂಪಿಕ್ಸ್‌ನದು. ಪ್ಯಾರಿಸ್ 2024ರಲ್ಲಿ ಆ ದಾರಿ ಮುಚ್ಚಿತು; ಫ್ರೀಜ್ ಎಂಬ ಕೆಂಪು ಟೋಪಿಯ ಆಕಾರದ ವೇಷಗಳೆರಡೂ ಕೆಂಪೇ. ಅಲ್ಲಿ ಎದೆಯ ಮೇಲೆ ಐದು ಉಂಗುರಗಳಿವೆಯೋ, ಮೂರು ಬಾಗಿದ ಗೆರೆಗಳಿವೆಯೋ ಎಂದು ನೋಡಬೇಕು. ಚಿತ್ರದಲ್ಲಿ ಕಾಲು ಕಂಡರೆ ಓಟಗಾರರ ಕೃತಕ ಕಾಲಿರುವುದು ಪ್ಯಾರಾಲಿಂಪಿಕ್ಸ್‌ನದು.

ತಂಡದ ಬಣ್ಣವನ್ನು ನಂಬುವವರಿಗೆ ನಾನು ಆರ್‌ಸಿಬಿಯ ಹಸಿರು ಪಂದ್ಯವನ್ನು ತೋರಿಸುತ್ತೇನೆ. ಕೆಂಪು ಜೆರ್ಸಿಯ ತಂಡ ಪರಿಸರ ಜಾಗೃತಿಗಾಗಿ ಋತುವಿನ ಒಂದು ಪಂದ್ಯವನ್ನು ಹಸಿರು ಜೆರ್ಸಿಯಲ್ಲಿ ಆಡುತ್ತ ಬಂದಿದೆ. ಅಂದಿನ ಚಿತ್ರದಲ್ಲಿ ಬಣ್ಣ ಬೇರೆಯಾದರೂ ಲೋಗೊದ ಸಿಂಹ ಅದೇ ಇರುತ್ತದೆ. ನಮ್ಮ ಊರಿನಲ್ಲಿ ಇದಕ್ಕೆ ಸಮನಾದದ್ದು ನವೆಂಬರ್ 1. ಅಂದು ಕಲಬುರಗಿಯಲ್ಲಿ ಅಂಗಡಿ ಮುಂದಿನ ಕರಡಿಗೂ ಹಳದಿ–ಕೆಂಪು ಶಲ್ಯ ಹೊದಿಸುತ್ತಾರೆ. ಅದೇ ಕರಡಿ ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವದ ದಿನ ತ್ರಿವರ್ಣದ ಪಟ್ಟಿ ತೊಟ್ಟಿರುತ್ತದೆ. ಶಲ್ಯ, ಪಟ್ಟಿಗಳು ಆ ದಿನದ ಗುರುತುಗಳು. ವೇಷದ ಒಡೆಯ ಯಾರೆಂಬುದನ್ನು ಅವುಗಳ ಕೆಳಗೆ ಮುಚ್ಚಿಹೋಗಿರುವ ಎದೆಯಲ್ಲಿ ಹುಡುಕಬೇಕು, ಕಾಣದಿದ್ದರೆ ಅದೇ ಸಂಜೆಯ ಬೇರೆ ಚಿತ್ರಗಳನ್ನು ಕೇಳಿ ತರಿಸಬೇಕು. ಮೊಬೈಲಿನ ಮುಂಬದಿಯ ಕ್ಯಾಮೆರಾದಿಂದ ತೆಗೆದದ್ದಾದರೆ ಲೋಗೊದ ಅಕ್ಷರಗಳು ತಿರುಗುಮುರುಗಾಗಿರಬಹುದು, ಅದನ್ನೂ ಮರಳಿ ತಿರುಗಿಸಿ ಓದಬೇಕು.

ಈಗ ಸಂಗ್ರಹಕ್ಕೆ ಸೇರಿಸುವ ಪ್ರತಿ ಚಿತ್ರದ ಜೊತೆ ಕಣ್ಣಿಗೆ ಕಂಡದ್ದನ್ನು ಒಂದು ಸಾಲಿನಲ್ಲಿ, ತೀರ್ಮಾನವನ್ನು ಇನ್ನೊಂದು ಸಾಲಿನಲ್ಲಿ, ಆ ತೀರ್ಮಾನಕ್ಕೆ ಆಧಾರವನ್ನು ಅದರ ಕೆಳಗೆ ಬರೆಯುತ್ತೇನೆ. ‘ಬೂದು ಆನೆ, ನೀಲಿ ಕೋಟು, ಹಸಿರು ದೀಪ’ ಎಂಬುದು ಮೊದಲನೆಯ ಸಾಲು. ‘ರೈಲ್ವೆಯ ಭೋಲು’ ಎಂಬುದು ಎರಡನೆಯದು. ‘ಎದೆಯ ಲಾಂಛನ, ನಿಲ್ದಾಣದ ಫಲಕ’ ಎಂಬುದು ಮೂರನೆಯದು. ಮೂರನೆಯ ಸಾಲಿನಲ್ಲಿ ಬರೆಯಲು ಬಣ್ಣ ಒಂದೇ ಉಳಿದಿದ್ದರೆ ಎರಡನೆಯ ಸಾಲನ್ನು ಖಾಲಿ ಬಿಟ್ಟು, ಅಚ್ಚಿಗೆ ‘ಆನೆ ವೇಷಧಾರಿ’ ಎಂದಷ್ಟೇ ಕಳಿಸುತ್ತೇನೆ.