ಫೋಟೋದಲ್ಲಿ ಬಂದ ಹಾಲಿನ ಚೀಟಿಯನ್ನು ತಾಳೆ ನೋಡಿದ ಲೆಕ್ಕ

ಹಳೆ ಮೈಸೂರು ಭಾಗದ ಒಂದು ತಾಲ್ಲೂಕಿನಲ್ಲಿ ಕೆಲವು ಹಾಲು ಉತ್ಪಾದಕರ ಸಹಕಾರ ಸಂಘಗಳ ಲೆಕ್ಕಪತ್ರ ಬರೆಯುವುದು ನನ್ನ ಕೆಲಸ. ಬಟವಾಡೆಯ ಮಾರನೆಯ ದಿನ ನನ್ನ ವಾಟ್ಸಾಪ್‌ಗೆ ಹಾಲು ಹಾಕಿದ ಪ್ರತಿ ಹೊತ್ತಿಗೂ ಸಂಘ ಕೊಡುವ ಚೀಟಿಗಳ ಫೋಟೋ ಬರುವುದು ವಾಡಿಕೆ. ಕಳೆದ ವರ್ಷ ಹಾಗೆ ಬಂದ ಹದಿನಾಲ್ಕು ಫೋಟೋಗಳ ವಿಷಯವನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಳಿಸಿದವರು ಎರಡು ಹಸು ಸಾಕಿಕೊಂಡಿರುವ ಒಬ್ಬ ಸದಸ್ಯೆ. ಅವರ ಸಂಘದಲ್ಲಿ ವಾರಕ್ಕೊಮ್ಮೆ ಬಟವಾಡೆಯಾಗುತ್ತದೆ. ಆ ವಾರ ಅವರ ಖಾತೆಗೆ ಬಂದದ್ದು 3,284 ರೂಪಾಯಿ 40 ಪೈಸೆ. ಮಗ ಕೂತು ಹಾಕಿದ ಲೆಕ್ಕದಲ್ಲಿ ಬರಬೇಕಾದದ್ದು 3,827 ರೂಪಾಯಿ. “ಐನೂರಕ್ಕಿಂತ ಜಾಸ್ತಿ ಹೊಡೆದುಬಿಟ್ಟವ್ರೆ ಸರ್, ನೀವೇ ನೋಡಿ” ಎಂದು ಫೋನಿನಲ್ಲಿ ಹೇಳಿದರು. ಆ ವಾರ ಪಶು ಆಹಾರದ ಬಾಬ್ತಾಗಲಿ ಬೇರೆ ಕಡಿತವಾಗಲಿ ಇರಲಿಲ್ಲವಾದ್ದರಿಂದ ಇಡೀ ವ್ಯತ್ಯಾಸ ಚೀಟಿಗಳಲ್ಲೇ ಸಿಗಬೇಕಿತ್ತು.

ಫೋಟೋಗಳಲ್ಲಿ ಲೀಟರು, ಫ್ಯಾಟು, ಲೀಟರಿನ ದರ ಈ ಮೂರು ಮಾತ್ರ ಕಾಣುತ್ತಿದ್ದವು. ಚೀಟಿಯ ಕೆಳಗಿನ ಭಾಗದಲ್ಲಿ ಅಚ್ಚಾಗುವ, ಹಾಲಿನಲ್ಲಿ ಕೊಬ್ಬು ಬಿಟ್ಟು ಉಳಿದ ಘನಾಂಶ ಎಷ್ಟೆಂದು ಹೇಳುವ ಎಸ್‌ಎನ್‌ಎಫ್ ಮತ್ತು ಒಟ್ಟು ಮೊತ್ತ ಚೌಕಟ್ಟಿನಿಂದ ಹೊರಗುಳಿದಿದ್ದವು. ಈ ಕಾಗದ ಬಿಸಿಗೆ ಅಚ್ಚಾಗುವಂಥದ್ದು. ಜೇಬಿನಲ್ಲಿ ನಾಲ್ಕು ದಿನ ಇದ್ದರೆ, ಒಲೆಯ ಬಳಿಯ ಗೂಡಿನಲ್ಲಿಟ್ಟರೆ, ಅಕ್ಷರ ಮಾಸಿ 6 ಯಾವುದು, 8 ಯಾವುದು, 3 ಯಾವುದು ಎಂಬುದೇ ತಿಳಿಯದಂತಾಗುತ್ತದೆ. ಆದ್ದರಿಂದ ಗುಣಾಕಾರಕ್ಕೆ ಕೂರುವ ಮೊದಲು, ನಾನು ಓದುತ್ತಿರುವ ಅಂಕಿ ಸರಿಯೇ ಎಂಬುದನ್ನು ತೀರ್ಮಾನಿಸಿಕೊಳ್ಳಬೇಕಾಯಿತು.

ಫ್ಯಾಟ್ ವಿಷಯದಲ್ಲಿ ಇದು ಕಷ್ಟವಲ್ಲ. ದರವು ದರಪಟ್ಟಿಯಿಂದ ಬರುವುದರಿಂದ ಫ್ಯಾಟು ಮತ್ತು ದರ ಒಂದಕ್ಕೊಂದು ಸಾಕ್ಷಿ ಹೇಳುತ್ತವೆ. ಆಗ ಆ ಸಂಘದಲ್ಲಿ ಜಾರಿಯಲ್ಲಿದ್ದ ಪಟ್ಟಿಯ ಪ್ರಕಾರ 3.5 ಫ್ಯಾಟು, 8.5 ಎಸ್‌ಎನ್‌ಎಫ್ ಇರುವ ಹಸುವಿನ ಹಾಲಿಗೆ 35 ರೂಪಾಯಿ, ಫ್ಯಾಟು 0.1 ಏರಿದರೆ 30 ಪೈಸೆ ಹೆಚ್ಚು, ಎಸ್‌ಎನ್‌ಎಫ್ 0.1 ಇಳಿದರೆ 40 ಪೈಸೆ ಕಡಿಮೆ. ಒಂದು ಚೀಟಿಯಲ್ಲಿ ಫ್ಯಾಟು 3.9 ಎಂಬಂತೆ ಕಂಡಿತು, ದರ 35.30 ಎಂದು ಸ್ಪಷ್ಟವಾಗಿತ್ತು. 3.9ಕ್ಕೆ ಪಟ್ಟಿಯ ದರ 36.20, 35.30 ಬರುವುದು 3.6ಕ್ಕೆ. ಫೋಟೋವನ್ನು ಹಿಗ್ಗಿಸಿ ನೋಡಿದಾಗ ಅದು 3.6 ಎಂಬುದು ಖಚಿತವಾಯಿತು. ಆದರೆ ದರ ತಾಳೆಯಾಗದ ಮಾತ್ರಕ್ಕೆ ಓದಿದ್ದು ತಪ್ಪು ಎನ್ನುವಂತೆಯೂ ಇಲ್ಲ. ಮತ್ತೆರಡು ಚೀಟಿಗಳಲ್ಲಿ ಫ್ಯಾಟು 3.7 ಎಂದು ನಿಚ್ಚಳವಾಗಿಯೇ ಇದ್ದರೂ ಒಂದರ ದರ 35.60, ಇನ್ನೊಂದರದು 34.80 ಇತ್ತು. ಎಂಬತ್ತು ಪೈಸೆ ಇಳಿದಿದೆಯೆಂದರೆ ಎಸ್‌ಎನ್‌ಎಫ್ 8.3 ಇದ್ದಿರಬೇಕು, ಕೆಳಭಾಗ ಕಾಣುವ ಫೋಟೋ ತರಿಸಿ ನೋಡಿದಾಗ 8.3 ಎಂದೇ ಇತ್ತು. ಫ್ಯಾಟೊಂದನ್ನೇ ಹಿಡಿದು ದರ ತಪ್ಪೆಂದು ಜಗಳಕ್ಕೆ ಹೋಗುವವರು ಮರೆಯುವುದು ಈ ಇನ್ನೊಂದು ಕಾಲಮ್ಮನ್ನು.

ಲೀಟರಿನದು ಬೇರೆಯೇ ಕಥೆ. ಮೊತ್ತ ಕತ್ತರಿಸಿಹೋದ ಚೀಟಿಯಲ್ಲಿ ಲೀಟರಿನ ಅಂಕಿಗೆ ಸಾಕ್ಷಿ ಹೇಳುವ ಮತ್ತೊಂದು ಅಂಕಿ ಇರುವುದಿಲ್ಲ. ಆ 3.6 ಫ್ಯಾಟಿನ ಬೆಳಗಿನ ಚೀಟಿಯನ್ನು ಮಗ 8.4 ಲೀಟರ್ ಎಂದು ಓದಿದ್ದ. ನಾನೂ ಹಾಗೆಯೇ ಓದಿದೆ, ಏಕೆಂದರೆ ಅವರ ಬೆಳಗಿನ ಹಾಲು ಸಾಮಾನ್ಯವಾಗಿ ಎಂಟು ಲೀಟರಿನ ಆಸುಪಾಸಿನಲ್ಲೇ ಇರುತ್ತಿತ್ತು. ಮೊತ್ತ ಕಾಣುವ ಫೋಟೋ ಬಂದಾಗ ಅಲ್ಲಿ 225.92 ಎಂದಿತ್ತು. ಅದನ್ನು 35.30ರಿಂದ ಭಾಗಿಸಿದರೆ ಸರಿಯಾಗಿ 6.4. ಕೇಳಿದ್ದಕ್ಕೆ, “ಹೌದು ಸರ್, ಅವತ್ತು ಕರು ಹಗ್ಗ ಕಿತ್ತುಕೊಂಡು ಕುಡಿದುಬಿಟ್ಟಿತ್ತು” ಎಂದು ನಕ್ಕರು. ಅಲ್ಲಿಗೆ 2 ಲೀಟರಿನ 70 ರೂಪಾಯಿ 60 ಪೈಸೆಗೆ ಲೆಕ್ಕ ಸಿಕ್ಕಿತು.

ಉಳಿದದ್ದು 472 ರೂಪಾಯಿ. ಅದು ಮಗ ಓದಿದ 94.4 ಲೀಟರಿಗೆ ಐದೈದು ರೂಪಾಯಿಯ ಹಾಗೆ ಸರಿಹೊಂದುತ್ತದೆ. ಸರ್ಕಾರದ ಪ್ರೋತ್ಸಾಹಧನವನ್ನು ಅವನು ಪ್ರತಿ ಚೀಟಿಯ ದರಕ್ಕೂ ಸೇರಿಸಿದ್ದ. ಅದು ಸಂಘದ ಬಟವಾಡೆಯಲ್ಲಿ ಬರುವುದಿಲ್ಲ. ಸರ್ಕಾರದಿಂದ ನೇರವಾಗಿ, ಬೇರೆಯಾಗಿ, ಬಹಳ ಸಲ ತಿಂಗಳುಗಟ್ಟಲೆ ತಡವಾಗಿ ಬ್ಯಾಂಕ್ ಖಾತೆಗೆ ಜಮೆಯಾಗುತ್ತದೆ.

ನನ್ನದೇ ಒಂದು ಹಳೆಯ ತಪ್ಪನ್ನೂ ಇಲ್ಲಿ ಹೇಳಬೇಕು. ಈ ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಲೀಟರುಗಳನ್ನೆಲ್ಲ ಕೂಡಿ, ಫ್ಯಾಟಿನ ಸರಾಸರಿ ತೆಗೆದು, ಪಟ್ಟಿಯಲ್ಲಿ ಒಂದೇ ದರ ನೋಡಿ ಗುಣಿಸುತ್ತಿದ್ದೆ. ಪ್ರತಿ ಸಲವೂ ಸಂಘ ಕಡಿಮೆ ಕೊಟ್ಟಂತೆ ಕಾಣುತ್ತಿತ್ತು. ಬೆಳಿಗ್ಗೆ 8 ಲೀಟರ್ 3.5 ಫ್ಯಾಟಿನದು, ಸಂಜೆ 5.2 ಲೀಟರ್ 4.1 ಫ್ಯಾಟಿನದು ಎಂದಿಟ್ಟುಕೊಂಡರೆ ನಿಜವಾದ ಮೊತ್ತ 280 ಮತ್ತು 191.36 ಸೇರಿ 471.36. ಸರಾಸರಿ 3.8 ಎಂದು ಹಿಡಿದು 35.90ರಿಂದ ಗುಣಿಸಿದರೆ 473.88 ಆಗುತ್ತದೆ. ಫ್ಯಾಟು ಹೆಚ್ಚಿರುವ ಸಂಜೆಯಲ್ಲಿ ಹಾಲು ಕಡಿಮೆ. ಸಾದಾ ಸರಾಸರಿ ಎರಡು ಹೊತ್ತಿಗೂ ಒಂದೇ ತೂಕ ಕೊಡುವುದರಿಂದ ಈ ಎರಡೂವರೆ ರೂಪಾಯಿ ಹುಟ್ಟಿಕೊಳ್ಳುತ್ತದೆ. ಅಂದಿನಿಂದ ಚೀಟಿಚೀಟಿಯನ್ನೂ ಬೇರೆಯಾಗಿಯೇ ಗುಣಿಸುತ್ತೇನೆ.

ಹೀಗೆ ದೂರಿನಲ್ಲಿದ್ದ 542 ರೂಪಾಯಿ 60 ಪೈಸೆಯೂ ಕರಗಿಹೋಯಿತು. ಅಲ್ಲಿಗೇ ಕೈತೊಳೆದುಕೊಳ್ಳುತ್ತಿದ್ದೆನೇನೋ, ಹದಿನಾಲ್ಕು ಚೀಟಿಗಳನ್ನು ಬೆಳಗು, ಸಂಜೆ ಎಂದು ವಿಂಗಡಿಸಿ ಸಾಲಾಗಿ ಬರೆದಿದ್ದರಿಂದ ಒಂದು ಅಂಕಿ ಕಣ್ಣಿಗೆ ಬಿತ್ತು. ಆರು ಸಂಜೆಗಳಲ್ಲಿ ಫ್ಯಾಟು 4.0ರಿಂದ 4.2ರ ನಡುವೆ ಇದ್ದರೆ, ಗುರುವಾರ ಸಂಜೆ ಮಾತ್ರ 3.5. ಅದರ ಎಸ್‌ಎನ್‌ಎಫ್ 8.5, ಹಾಲು 5 ಲೀಟರ್, ದರ 35, ಮೊತ್ತ 175. ಓದಿದ್ದೂ ಸರಿ, ಗುಣಾಕಾರವೂ ಸರಿ, ದರಪಟ್ಟಿಯೂ ಸರಿ.

ಸಂಘಕ್ಕೆ ಹೋಗಿ ಆ ಹೊತ್ತಿನ ಹಾಲು ಖರೀದಿ ವಹಿ ನೋಡಿದೆ. ಮೊದಲ ಇಪ್ಪತ್ತೊಂದು ಸದಸ್ಯರ ಫ್ಯಾಟು ಒಬ್ಬೊಬ್ಬರದು ಒಂದೊಂದು ಥರ ಇತ್ತು. ಇಪ್ಪತ್ತೆರಡನೆಯವರಿಂದ ಕೊನೆಯವರೆಗೂ ಎಲ್ಲರದೂ 3.5 ಮತ್ತು 8.5. ಅಷ್ಟು ಮನೆಗಳ ಹಸುಗಳು ಒಂದೇ ಸಂಜೆ ಒಂದೇ ಫ್ಯಾಟು ಕೊಡಲಾರವು. ಕಾರ್ಯದರ್ಶಿಗಳು ಮುಚ್ಚಿಡಲಿಲ್ಲ: ಕರೆಂಟು ಹೋಗಿ, ಬ್ಯಾಟರಿಯೂ ಕೈಕೊಟ್ಟು, ಪರೀಕ್ಷಾ ಯಂತ್ರ ನಿಂತಾಗ ಸಾಲು ಉದ್ದವಿದ್ದುದರಿಂದ ಪರೀಕ್ಷಕರು ಕೈಯಲ್ಲೇ ಅಂಕಿ ತುಂಬಿದ್ದರು. ಮಾದರಿ ಹಾಲನ್ನೂ ತೆಗೆದಿಟ್ಟಿರಲಿಲ್ಲವಾದ್ದರಿಂದ ಮರುಪರೀಕ್ಷೆಗೆ ದಾರಿಯಿರಲಿಲ್ಲ. ಆದರೆ ಆ ಸಂಘದಿಂದ ಹಾಲು ಕ್ಯಾನುಗಳಲ್ಲಿ ಹೋಗುತ್ತಿದ್ದುದರಿಂದ ಆ ಹೊತ್ತಿನ ಹಾಲಿನ ಅಳತೆ ಬರೆದಿರುವ ಟ್ರಕ್ ಶೀಟ್ ಪ್ರತ್ಯೇಕವಾಗಿ ಸಿಕ್ಕಿತು. ಸಂಘದಿಂದ ಹಾಲು ಕೊಳ್ಳುವ ಒಕ್ಕೂಟದಲ್ಲಿ ಅಳೆದಾಗ ಬಂದ ಫ್ಯಾಟು ವಹಿಯ ಲೆಕ್ಕಕ್ಕಿಂತ ಮೇಲಿತ್ತು. ಅಂದರೆ ಸಂಘಕ್ಕೆ ಸಿಕ್ಕ ಹಣ ಸದಸ್ಯರ ಕೈಗೆ ಪೂರ್ತಿ ತಲುಪಿರಲಿಲ್ಲ. ಹಾಲು ನೇರವಾಗಿ ದೊಡ್ಡ ಶೀತಲ ಟ್ಯಾಂಕಿಗೆ ಸೇರುವ ಊರುಗಳಲ್ಲಿ ಹೊತ್ತುಹೊತ್ತಿಗೆ ಹೀಗೆ ಬೇರ್ಪಡಿಸಿ ನೋಡಲಾಗುವುದಿಲ್ಲ.

ಆಡಳಿತ ಮಂಡಳಿಯವರು ಆ ಸದಸ್ಯರೆಲ್ಲರ ಹಿಂದಿನ ಮೂರು ಸಂಜೆಗಳ ಸರಾಸರಿ ಫ್ಯಾಟನ್ನು ಹಿಡಿದು ವ್ಯತ್ಯಾಸ ಕೊಡಲು ಒಪ್ಪಿದರು. ನಮ್ಮ ಸದಸ್ಯೆಗೆ ಅದು 4.1 ಆಯಿತು, 5 ಲೀಟರಿಗೆ 36.80ರಂತೆ 184, ಕೊಟ್ಟದ್ದು 175. ಫೋನ್ ಮಾಡಿ, “ಅಮ್ಮ, ನಿಮಗೆ ಬರಬೇಕಾದದ್ದು ಒಂಬತ್ತು ರೂಪಾಯಿ” ಎಂದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಐನೂರು ಅಂತ ಊರೆಲ್ಲ ಹೇಳ್ಕೊಂಡು ಬಂದಿದೀನಲ್ಲ ಸರ್” ಎಂದರು.