ಎರಡನೇ ಸ್ಪೆಲ್‌ಗಾಗಿ ಕ್ರಿಯಾಟಿನ್: ಹತ್ತು ವಾರದ ಲೆಕ್ಕ

ಮೊದಲ ವಾರ

ನನ್ನ ತೊಂದರೆ ಮೊದಲ ಸ್ಪೆಲ್‌ನದ್ದಲ್ಲ. ಹೊಸ ಬಾಲಿನಲ್ಲಿ ನಾಲ್ಕು ಓವರು ಸಲೀಸು. ಆಮೇಲೆ ಬದಿಯಡ್ಕದ ಕಡೆಯ ಯಾವುದಾದರೂ ಮುರಕಲ್ಲು ಮೈದಾನದಲ್ಲಿ ಒಂದೂವರೆ ಗಂಟೆ ಬಿಸಿಲು ಕಾಯಿಸಿಕೊಂಡು ಮತ್ತೆ ಬಾಲು ಹಿಡಿದರೆ, ಓವರಿನ ನಾಲ್ಕನೇ ಎಸೆತದಿಂದ ಕಾಲು ಎಳೆಯುತ್ತದೆ.

ಜಿಮ್ಮಿಗೆ ಹೋಗುವವರು ನೀರಿನಲ್ಲಿ ಕಲಕಿ ಕುಡಿಯುವ ಕ್ರಿಯಾಟಿನ್ ಪುಡಿಯಿಂದ ನಾನು ನಿರೀಕ್ಷಿಸಿದ್ದೂ ಇಷ್ಟಕ್ಕೇ ಪರಿಹಾರ. ಪೂರ್ತಿ ಬಲ ಹಾಕಿ ಓಡುವ ಮೊದಲ ಕೆಲವು ಸೆಕೆಂಡುಗಳಿಗೆ ಸ್ನಾಯು ತನ್ನೊಳಗಿನ ಫಾಸ್ಫೋಕ್ರಿಯಾಟಿನ್ ಎಂಬ ಶಕ್ತಿಯ ದಾಸ್ತಾನು ಖರ್ಚು ಮಾಡುತ್ತದೆ. ಗುರುತಿಗೆ ನಡೆದು ಹೋಗುವ ಮೂವತ್ತು–ನಲವತ್ತು ಸೆಕೆಂಡಿನಲ್ಲಿ ಅದು ಅರ್ಧಂಬರ್ಧ ತುಂಬಿಕೊಳ್ಳುತ್ತದೆ. ಪುಡಿಯಿಂದ ದಾಸ್ತಾನು ದೊಡ್ಡದಾದರೆ ಆರನೇ ಎಸೆತಕ್ಕೂ ಸ್ವಲ್ಪ ಉಳಿದೀತು. ನಮ್ಮದು ಸಸ್ಯಾಹಾರದ ಮನೆ. ಮೀನು–ಮಾಂಸ ತಿನ್ನದವರ ಸ್ನಾಯುವಿನಲ್ಲಿ ಕ್ರಿಯಾಟಿನ್ ಕಡಿಮೆಯೇ ಇರುತ್ತದೆ, ಹಾಗಾಗಿ ಗುಣವೂ ಹೆಚ್ಚು ಕಾಣಬಹುದು ಎಂಬ ಆಸೆ.

ಜಿಮ್ಮಿನವರ ಮಾತು ಕೇಳಿ ದಿನಕ್ಕೆ 20 ಗ್ರಾಂ, ನಾಲ್ಕು ಸಲಕ್ಕೆ ಹಂಚಿ, ಶುರು ಮಾಡಿದೆ. ಮೂರನೇ ದಿನ ಹೊಟ್ಟೆ ಕೆಟ್ಟಿತು. ಆರನೇ ದಿನ ಮ್ಯಾಚು. ಅಂದು ಬೆಳಿಗ್ಗೆ ತೂಕ 72.4 ಕಿಲೊ, ಡಬ್ಬ ತೆರೆಯುವ ಮೊದಲು ಇದ್ದದ್ದು 71. ಹೆಚ್ಚಾದದ್ದು ಬಹುಪಾಲು ಸ್ನಾಯುವಿನೊಳಗೆ ಸೇರಿದ ನೀರು.

ಎಂಟು ಓವರಿನಲ್ಲಿ ಐದು ನೋಬಾಲು! ನನ್ನ ಇಡೀ ವರ್ಷದ ಲೆಕ್ಕವೇ ಅಷ್ಟಿರುವುದಿಲ್ಲ. ತೂಕದಿಂದಲೋ, ಹೊಟ್ಟೆ ಕೆಟ್ಟು ಸೊರಗಿದ್ದರಿಂದಲೋ ಬಿಡಿಸಿ ಹೇಳಲಾರೆ. ಆದರೆ ಸೊಂಟದ ಕೆಳಗೆ ಎಡಬದಿಯಲ್ಲಿ ಮರುದಿನವೂ ಬಿಗಿತ ಇತ್ತು, ಅದು ನನ್ನನ್ನು ಯೋಚನೆಗೆ ಹಚ್ಚಿತು. ವೇಗದ ಬೌಲರಿನ ಮುಂಗಾಲು ನೆಲಕ್ಕೆ ಅಪ್ಪಳಿಸುವಾಗ ಬೀಳುವ ಹೊರೆ ಮೈತೂಕದ ಐದು ಪಟ್ಟು, ಕೆಲವರಿಗೆ ಅದಕ್ಕೂ ಹೆಚ್ಚು. ನನಗೆ ಕೂಡಿದ 1.4 ಕಿಲೊ ಆ ಹೊತ್ತಿಗೆ ಏಳು ಕಿಲೊ. ಅದೂ 48 ಸಲ, ನೋಬಾಲು ಸೇರಿದರೆ 53 ಸಲ.

ಎರಡನೇ ವಾರದಿಂದ

20 ಗ್ರಾಂ ಬಿಟ್ಟೆ. ದಿನಕ್ಕೆ 3 ಗ್ರಾಂ ಮಾತ್ರ. ಮೊದಲಿಂದಲೇ ಹೀಗೆ ತೆಗೆದುಕೊಂಡಿದ್ದರೂ ಮೂರು–ನಾಲ್ಕು ವಾರದಲ್ಲಿ ಸ್ನಾಯು ತುಂಬುತ್ತಿತ್ತು, ಅವಸರ ನನ್ನದು. ಉಗುರುಬೆಚ್ಚಗಿನ ನೀರಿನಲ್ಲಿ ಕಲಕಿದರೆ ಚೆನ್ನಾಗಿ ಕರಗುತ್ತದೆ. ತಣ್ಣೀರಾದರೆ ಲೋಟದ ತಳದಲ್ಲಿ ಮರಳಿನಂತೆ ಕೂರುತ್ತದೆ, ಇನ್ನಷ್ಟು ನೀರು ಹಾಕಿ ಅದನ್ನೂ ಕುಡಿಯಬೇಕು. ಮಜ್ಜಿಗೆಯಲ್ಲೂ ಆದೀತು, ಆದರೆ ಹುಳಿಯಲ್ಲಿ ಗಂಟೆಗಟ್ಟಲೆ ಇಟ್ಟರೆ ಕೆಡುತ್ತಾ ಹೋಗುತ್ತದೆ, ಕೂಡಲೇ ಕುಡಿದು ಮುಗಿಸಬೇಕು.

ಐದನೇ ವಾರ, ಅಳತೆ

20 ಮೀಟರಿನ ಆರು ಓಟ, ನಡುವೆ 30 ಸೆಕೆಂಡು ಬಿಡುವು. ಕೈಯಲ್ಲಿ ಸ್ಟಾಪ್‌ವಾಚ್ ಒತ್ತಿದರೆ ನಾನು ಹುಡುಕುತ್ತಿರುವ ವ್ಯತ್ಯಾಸವನ್ನು ಬೆರಳೇ ನುಂಗಿಬಿಡುತ್ತದೆ. ಹಾಗಾಗಿ ಮೊಬೈಲಿನಲ್ಲಿ ಸೆಕೆಂಡಿಗೆ 60 ಫ್ರೇಮಿನ ವಿಡಿಯೊ ಮಾಡಿ ಫ್ರೇಮು ಎಣಿಸಿದೆ. ಪುಡಿ ಶುರು ಮಾಡುವ ಮೊದಲು ಒಂದನೇ ಓಟ 194 ಫ್ರೇಮು, ಆರನೆಯದು 218. ಈಗ ಒಂದನೆಯದು 193, ಆರನೆಯದು 209. ಅಂದರೆ ಮೊದಲ ಓಟದಲ್ಲಿ ಏನೂ ಇಲ್ಲ, ಕೊನೆಯದರಲ್ಲಿ 0.15 ಸೆಕೆಂಡು ಉಳಿಯಿತು. ನಡುವೆ ನಾನು ಜಿಮ್ಮಿಗೂ ಹೋಗುತ್ತಿದ್ದೆ, ಹಾಗಾಗಿ ಪೂರ್ತಿ ಶ್ರೇಯಸ್ಸು ಪುಡಿಗೇ ಕೊಡುವಂತಿಲ್ಲ.

ಎಂಟನೇ ವಾರ, ಮೀನಖಂಡ

ಮೇ ತಿಂಗಳ ಮ್ಯಾಚು, ಮೊದಲು ನಮ್ಮದೇ ಫೀಲ್ಡಿಂಗು. ಮೂವತ್ತೆರಡನೇ ಓವರಿನಲ್ಲಿ ಬೌಂಡರಿ ಹತ್ತಿರ ಮೀನಖಂಡ ಹಿಡಿದು ಕುಳಿತುಬಿಟ್ಟೆ. "ಭಾವಾ, ಆ ಪುಡಿಯದ್ದೇ ಕಿತಾಪತಿ. ಮೈಯ ನೀರೆಲ್ಲ ಎಳೀತದೆ ಅದು" ಎಂದ ನಮ್ಮ ವಿಕೆಟ್ ಕೀಪರ್, ನನ್ನ ತಂಗಿಯ ಗಂಡ.

ನನಗೂ ಅನುಮಾನ ಬಂದಿತ್ತು, ಆದರೆ ತೂಕದ ಲೆಕ್ಕ ಬೇರೆ ಹೇಳಿತು. ಮೈದಾನಕ್ಕೆ ಇಳಿಯುವಾಗ 71.8, ಇನ್ನಿಂಗ್ಸ್ ಮುಗಿಸಿ ಒದ್ದೆ ಬಟ್ಟೆ ಬದಲಿಸಿ ನಿಂತಾಗ 69.7. ಕುಡಿದದ್ದು ಒಂದೂವರೆ ಲೀಟರ್. ಹಾಗಾದರೆ ಮೂರು ಗಂಟೆಯಲ್ಲಿ ಸುರಿದ ಬೆವರು ಮೂರೂವರೆ ಲೀಟರಿನ ಆಸುಪಾಸು, ನಾನು ವಾಪಸು ಕೊಟ್ಟದ್ದು ಅರ್ಧಕ್ಕೂ ಕಡಿಮೆ. ಅದೂ ಬರೀ ನೀರು, ಉಪ್ಪಿಲ್ಲ. ಬಿಸಿಲಿನಲ್ಲಿ ಮಾಡಿದ ಅಧ್ಯಯನಗಳಲ್ಲೂ ಕ್ರಿಯಾಟಿನ್ ತೆಗೆದುಕೊಂಡವರಿಗೆ ಸ್ನಾಯು ಹಿಡಿಯುವುದು ಹೆಚ್ಚಿದ್ದು ಕಂಡಿಲ್ಲ.

ಮುಂದಿನ ವಾರ ಉಪ್ಪು ಹಾಕಿದ ಪುನರ್ಪುಳಿ ಶರಬತ್ತು, ಉಪ್ಪು ಮಜ್ಜಿಗೆ ಸೇರಿಸಿ ಎರಡೂ ಮುಕ್ಕಾಲು ಲೀಟರ್ ಕುಡಿದೆ. ಪುಡಿ ಅಷ್ಟೇ, ಬಿಸಿಲೂ ಅಷ್ಟೇ. ಮೀನಖಂಡ ಸುಮ್ಮನಿತ್ತು.

ಹತ್ತನೇ ವಾರ

ಕೀಪರ್ ಭಾವನಿಗೂ ಆಸೆ ಹುಟ್ಟಿದೆ, ಅವನು ಓಪನಿಂಗ್ ಬ್ಯಾಟ್ಸ್‌ಮನ್. ಅವನಿಗೆ ನನ್ನ ಭಯ ಬೇಕಿಲ್ಲ, ಮುಂಗಾಲು ಅಪ್ಪಳಿಸುವ ಕೆಲಸ ಅವನದ್ದಲ್ಲ. ಆದರೆ ಅವನಿಗೆ ಸಿಗುವುದೂ ಕಡಿಮೆಯೇ ಇರಬಹುದು. ಅವನ ಇನ್ನಿಂಗ್ಸಿನಲ್ಲಿ ಬೆನ್ನುಬೆನ್ನಿಗೆ ಎರಡೆರಡು ರನ್ ಕದಿಯುವ ಓವರು ಎಷ್ಟು ಬರುತ್ತವೋ ಅಷ್ಟಕ್ಕೆ ಮಾತ್ರ ಲಾಭ. ಉಳಿದದ್ದು ವಾರಕ್ಕೆ ಮೂರು ದಿನ ಭಾರ ಎತ್ತಿದರೆ ಉಂಟು. ಅವನು ಎತ್ತುವವನಲ್ಲ. ಅವನ ಹದಿನೈದರ ತಮ್ಮನಿಗೆ ಮಾತ್ರ ಡಬ್ಬ ಮುಟ್ಟಬೇಡ ಎಂದಿದ್ದೇನೆ, ಬೆಳೆಯುವ ಬೆನ್ನಿನ ಮೇಲೆ ಪ್ರಯೋಗ ಬೇಡ.

ನನ್ನ ತೂಕ ಈಗ 71.8ರಲ್ಲೇ ನಿಂತಿದೆ. ಮೊನ್ನೆ ರಕ್ತ ಪರೀಕ್ಷೆಯಲ್ಲಿ ಕಿಡ್ನಿಯ ಸ್ಥಿತಿ ನೋಡಲು ಅಳೆಯುವ ಕ್ರಿಯಾಟಿನಿನ್ ಕೊಂಚ ಮೇಲಿತ್ತು, ಪುಡಿಯಿಂದಲೂ ಅದು ಏರುತ್ತದೆ. ಡಬ್ಬವನ್ನೇ ಒಯ್ದು ಡಾಕ್ಟರಿಗೆ ತೋರಿಸಿದೆ. ಕಿಡ್ನಿಗೆ ಬೇರೊಂದು ಪರೀಕ್ಷೆ ಬರೆದರು, ಅದು ಸರಿಯಾಗೇ ಬಂತು. ರನ್‌ಅಪ್ಪಿನ ಗುರುತನ್ನು ಅರ್ಧ ಅಡಿ ಹಿಂದಕ್ಕೆ ಸರಿಸಿದ್ದೇನೆ. ಕಳೆದ ಎರಡು ಮ್ಯಾಚಿನಲ್ಲಿ ಒಂದೇ ನೋಬಾಲು.